ಮೊದಲು ಸಮನ್ಸ್ ಮೇಲಿನ ದಿನಾಂಕ ನೋಡಿ

ಪ್ರಶ್ನೆ: ಮೇಡಂ, ನನ್ನ ಗಂಡ ದಾವಣಗೆರೆ ಫ್ಯಾಮಿಲಿ ಕೋರ್ಟ್‌ನಲ್ಲಿ ಡಿವೋರ್ಸ್ ಕೇಸ್ ಹಾಕಿದ್ದಾರೆ. ನಾನು ಶಿರಾದಲ್ಲಿ ತವರುಮನೇಲಿ ಇದ್ದೀನಿ. ಗಾರ್ಮೆಂಟ್ಸ್ ಕೆಲಸ, ತಿಂಗಳಿಗೆ 13,000 ಸಂಬಳ. ಅಪ್ಪನ ಮನೇದು ಎಪಿಎಲ್ ಕಾರ್ಡ್. ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಿದ್ದೀನಿ. ಅದು ಬಂದ ಮೇಲೆ ಸರ್ಕಾರಿ ವಕೀಲರನ್ನ ಕೊಡ್ತಾರಾ?

ಆ ಪ್ರಮಾಣಪತ್ರಕ್ಕೆ ಕಾಯಬೇಡಿ. ನಿಮಗೆ ಅದು ಬೇಕಾಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ 12ನೇ ಕಲಂನಲ್ಲಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ನಿಮ್ಮ ಸಂಬಳ ಹದಿಮೂರು ಸಾವಿರವಾಗಲಿ, ಮೂವತ್ತು ಸಾವಿರವಾಗಲಿ, ಅಪ್ಪನ ಕಾರ್ಡ್ ಯಾವ ಬಣ್ಣದ್ದೇ ಇರಲಿ, ಹೆಣ್ಣು ಅನ್ನೋದೊಂದೇ ಸಾಕು. ತಿಂಗಳಿಗೆ ನಾಲ್ಕು ಜನರಾದರೂ ಬಿಪಿಎಲ್ ಕಾರ್ಡ್ ವಿಷಯವನ್ನೇ ಕೇಳಿ ಬರೆಯುತ್ತಾರೆ. ರೇಷನ್ ಅಂಗಡಿಯ ಲೆಕ್ಕವನ್ನು ಕೋರ್ಟಿಗೆ ತಂದು ಹಾಕಿದವರು ಯಾರೋ, ಆ ಮಾತು ಊರೂರು ಸುತ್ತುತ್ತಿದೆ.

ನಿಮಗೆ ಸಿಗುವವರು ಸರ್ಕಾರಿ ವಕೀಲರೂ ಅಲ್ಲ. ಸರ್ಕಾರಿ ವಕೀಲರು ಸರ್ಕಾರದ ಪರವಾಗಿ ವಾದ ಮಾಡುವವರು. ನಿಮಗೆ ಕೊಡುವುದು ಕಾನೂನು ಸೇವೆಗಳ ಪ್ರಾಧಿಕಾರದ ಪಟ್ಟಿಯಲ್ಲಿರುವ ಪ್ಯಾನೆಲ್ ವಕೀಲರನ್ನು. ಅವರೂ ಅದೇ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವವರು, ಫೀಸನ್ನು ಪ್ರಾಧಿಕಾರ ಕೊಡುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಸಮನ್ಸ್ ತೆಗೆದು ನೋಡಿ. ಮೇಲೆ ಕೇಸ್ ನಂಬರ್ ಇರುತ್ತದೆ, ಎಂ.ಸಿ. ಅಂತ ಬರೆದು ಒಂದು ಸಂಖ್ಯೆ, ಆಮೇಲೆ ವರ್ಷ. ಕೆಳಗೆ ನೀವು ಹಾಜರಾಗಬೇಕಾದ ದಿನಾಂಕ. ಎಷ್ಟೋ ಸಲ ಅದನ್ನು ಪೆನ್ನಿನಲ್ಲಿ ತುಂಬಿರುತ್ತಾರೆ, ಅಕ್ಷರ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಇಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿ ಮುಂದಿನ ದಿನಾಂಕ ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ ಈ ದಿನಾಂಕ. ಉಚಿತ ವಕೀಲರಿಗೆ ಅರ್ಜಿ ಕೊಟ್ಟ ಮಾತ್ರಕ್ಕೆ ಕೋರ್ಟಿನ ದಿನ ನಿಲ್ಲುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದರು. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಕಾಗದವನ್ನೂ ಜೋಪಾನವಾಗಿ ಇಟ್ಟಿದ್ದರು. ಆದಾಯ ಪ್ರಮಾಣಪತ್ರ ಇತ್ತು, ಜಾತಿ ಪ್ರಮಾಣಪತ್ರ ಇತ್ತು, ಮೂರು ಫೋಟೋ ಇತ್ತು. ಅವನ್ನು ಮಾಡಿಸಿಕೊಳ್ಳಲು ಕಚೇರಿಗೆ ಅಲೆದು ತಿಂಗಳುಗಳೇ ಕಳೆದಿದ್ದವು. ಅಷ್ಟರಲ್ಲಿ ಅವರನ್ನು ಎಕ್ಸ್‌ಪಾರ್ಟಿ ಮಾಡಿ, ಅಂದರೆ ಹಾಜರಾಗಲಿಲ್ಲ ಅಂತ ಅವರಿಲ್ಲದೆಯೇ ಕೇಸ್ ನಡೆಸಿ, ವಿಚ್ಛೇದನದ ಡಿಕ್ರಿ ಆಗಿಹೋಗಿತ್ತು. ಎಕ್ಸ್‌ಪಾರ್ಟಿ ಡಿಕ್ರಿ ರದ್ದು ಮಾಡಿಸಬಹುದು. ಆದರೆ ಡಿಕ್ರಿ ಆದ 30 ದಿನದೊಳಗೆ ಅರ್ಜಿ ಹಾಕಬೇಕು. ಸಮನ್ಸ್ ಸರಿಯಾಗಿ ಜಾರಿಯೇ ಆಗಿರದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ 30 ದಿನ. ಇವರು ಸಮನ್ಸ್‌ಗೆ ಸಹಿ ಹಾಕಿ ತೆಗೆದುಕೊಂಡಿದ್ದರು. ತಡವಾದದ್ದಕ್ಕೆ ಕಾರಣ ಕೊಟ್ಟು ಇನ್ನೊಂದು ಅರ್ಜಿ ಹಾಕಿ, ಬಹಳ ದಿನ ಹೋರಾಡಬೇಕಾಯಿತು. ಬೇಡದ ಕಾಗದಕ್ಕಾಗಿ ಕಾದದ್ದು, ಅಷ್ಟೇ ಅವರ ತಪ್ಪು.

ಅರ್ಜಿಯ ವಿಷಯಕ್ಕೆ ಬರೋಣ. ನಿಮ್ಮ ಕೇಸ್ ಇರುವುದು ದಾವಣಗೆರೆಯಲ್ಲಿ, ಹಾಗಾಗಿ ವಕೀಲರನ್ನು ನೇಮಿಸಬೇಕಾದ್ದು ದಾವಣಗೆರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಶಿರಾ ಕೋರ್ಟಿನಲ್ಲಿರುವ ತಾಲೂಕು ಸಮಿತಿಗೂ ಅರ್ಜಿ ಕೊಡಬಹುದು, ಅವರು ಅಲ್ಲಿಗೆ ಕಳಿಸುತ್ತಾರೆ. ದಿನಾಂಕಕ್ಕೆ ಮೂರ್ನಾಲ್ಕು ವಾರ ಇದ್ದರೆ ಹಾಗೇ ಮಾಡಿ. ಹತ್ತೇ ದಿನ ಇದ್ದರೆ ಬಸ್ ಹತ್ತಿ ದಾವಣಗೆರೆಗೇ ಹೋಗಿ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ, ಆ ಫೋನಿಗೆ ದುಡ್ಡಿಲ್ಲ.

ಅರ್ಜಿಯನ್ನು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ. ನಿಮ್ಮ ಹೆಸರು, ವಿಳಾಸ, ಫೋನ್, ಕೇಸ್ ನಂಬರ್, ಯಾವ ಕೋರ್ಟ್, ಮುಂದಿನ ದಿನಾಂಕ, "ನಾನು ಮಹಿಳೆ, 12ನೇ ಕಲಂ ಪ್ರಕಾರ ವಕೀಲರನ್ನು ಕೊಡಿ" ಅನ್ನುವ ಮಾತು. ಇಷ್ಟೇ. ಸಮನ್ಸ್, ಅದರ ಜೊತೆ ಬಂದ ಗಂಡನ ಅರ್ಜಿ, ಆಧಾರ್, ಇವುಗಳ ಜೆರಾಕ್ಸ್ ಇಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಅಲ್ಲಿಯವರು ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ, ಸೀಲು ಹಾಕಿಸಿಕೊಳ್ಳದೆ ಎದ್ದು ಬರಬೇಡಿ.

ವಕೀಲರ ನೇಮಕ ಆಗುವ ಮುಂಚೆಯೇ ದಿನಾಂಕ ಬಂದುಬಿಟ್ಟರೆ? ನೀವೇ ಹೋಗಿ. ಫ್ಯಾಮಿಲಿ ಕೋರ್ಟಿನಲ್ಲಿ ವಕೀಲರಿಲ್ಲದೆ ನಿಲ್ಲುವುದು ತಪ್ಪಲ್ಲ. ಫ್ಯಾಮಿಲಿ ಕೋರ್ಟ್ ಕಾಯ್ದೆಯ 13ನೇ ಕಲಂ ಪ್ರಕಾರ ಅಲ್ಲಿ ವಕೀಲರನ್ನಿಡುವುದು ಹಕ್ಕೇ ಅಲ್ಲ, ನ್ಯಾಯಾಧೀಶರ ಅನುಮತಿಯಿಂದ ಬರುತ್ತಾರೆ. ನಿಮ್ಮ ಹೆಸರು ಕೂಗಿದಾಗ ಮುಂದೆ ಹೋಗಿ, "ಸ್ವಾಮಿ, ನನಗೆ ವಕೀಲರಿಲ್ಲ, ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟಿದ್ದೀನಿ, ಸಮಯ ಕೊಡಿ" ಅಂತ ಹೇಳಿ ಸ್ವೀಕೃತಿ ತೋರಿಸಿ. ಕೋರ್ಟ್ ಹೊರಗೆ ಟೀ ಅಂಗಡಿ ಹತ್ತಿರ "ನಾನು ಮ್ಯಾನೇಜ್ ಮಾಡ್ತೀನಿ, ನೀವು ಬರೋದೇ ಬೇಡ" ಅನ್ನುವವರು ಸಿಗುತ್ತಾರೆ. ಅಂಥವರ ಮಾತು ಕೇಳಿ ಮನೆಗೆ ಹೋದವರೇ ಎಕ್ಸ್‌ಪಾರ್ಟಿ ಆಗುವುದು.

ನೇಮಕದ ಪತ್ರದಲ್ಲಿ ವಕೀಲರ ಹೆಸರಿರುತ್ತದೆ. ಅವರನ್ನು ಕಂಡು ವಕಾಲತ್ತಿಗೆ ಸಹಿ ಹಾಕಿ. ಅದೇ ದಿನ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಅರ್ಜಿ ಬಗ್ಗೆ ಕೇಳಿ. ನಿಮ್ಮ ಸಂಬಳ ಸಾಲದಿದ್ದರೆ, ಕೇಸ್ ಮುಗಿಯುವವರೆಗೆ ಜೀವನಾಂಶ ಮತ್ತು ಕೇಸಿನ ಖರ್ಚು ಗಂಡನಿಂದ ಕೇಳಬಹುದು. ಸಂಬಳ ಇದೆ ಅನ್ನುವ ಒಂದೇ ಕಾರಣಕ್ಕೆ ಆ ದಾರಿ ಮುಚ್ಚುವುದಿಲ್ಲ. ಆದರೆ ಸಂಬಳ ಮುಚ್ಚಿಡಬೇಡಿ. ಆಸ್ತಿ, ಆದಾಯದ ಅಫಿಡವಿಟ್ ಅನ್ನು ಇಬ್ಬರೂ ಸಲ್ಲಿಸಬೇಕು. ಸುಳ್ಳು ಸಿಕ್ಕಿಬಿದ್ದರೆ ಉಳಿದ ಮಾತನ್ನೂ ಕೋರ್ಟ್ ನಂಬುವುದಿಲ್ಲ.

ಆ ವಕೀಲರು ಫೀಸು, ಗುಮಾಸ್ತರ ಖರ್ಚು, ಏನನ್ನೂ ಕೇಳುವಂತಿಲ್ಲ. ಕೋರ್ಟ್ ಶುಲ್ಕ, ಟೈಪಿಂಗ್, ನಕಲು ಪ್ರತಿಯ ಖರ್ಚು ಕೂಡ ಉಚಿತ ಸೇವೆಯಲ್ಲೇ ಸೇರಿದೆ. ಕೇಳಿದರೆ ಎಷ್ಟು ಕೇಳಿದರು, ಯಾವತ್ತು ಕೇಳಿದರು ಅಂತ ಬರೆದು ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಕೊಡಿ. ಅವರು ಹಿರಿಯ ಸಿವಿಲ್ ನ್ಯಾಯಾಧೀಶರು. ವಕೀಲರು ಸತತವಾಗಿ ಬಾರದಿದ್ದರೂ ಅಲ್ಲೇ ಬರೆದುಕೊಟ್ಟು ಬೇರೆಯವರನ್ನು ಕೇಳಿ. ಫ್ರೀ ವಕೀಲರು ಕೇಸ್ ಸೋಲಿಸುತ್ತಾರೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ನಿಜ. ಆದರೆ ಕಣ್ಣು ಮುಚ್ಚಿ ನಂಬಿ ಅಂತಲೂ ಹೇಳುವುದಿಲ್ಲ. ಪ್ರತಿ ದಿನಾಂಕದ ಸಂಜೆ ಆ್ಯಪ್‌ನಲ್ಲಿ ಆವತ್ತು ಏನಾಯಿತು ಅಂತ ನೀವೇ ನೋಡಿ.

ಪ್ರಶ್ನೆ: ಗಂಡಸರಿಗೆ ಉಚಿತ ವಕೀಲರು ಇಲ್ವಾ? ನನ್ನ ಮೇಲೆ ಅಣ್ಣ ಜಮೀನಿನ ದಾವೆ ಹಾಕಿದ್ದಾನೆ.

ಇದೆ. ಕರ್ನಾಟಕದಲ್ಲಿ ವರ್ಷದ ಆದಾಯ 3 ಲಕ್ಷದೊಳಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಈ ಮಿತಿ ಇಲ್ಲ. ಆದಾಯದ ಬಗ್ಗೆ ನಿಮ್ಮ ಅಫಿಡವಿಟ್ ಇದ್ದರೆ, ಅನುಮಾನಕ್ಕೆ ಕಾರಣ ಇಲ್ಲದಿದ್ದರೆ, ಅದನ್ನೇ ಒಪ್ಪಿಕೊಳ್ಳಬಹುದು. ಸಿವಿಲ್ ದಾವೆಗೆ ಸಮನ್ಸ್ ಮುಟ್ಟಿದ 30 ದಿನದೊಳಗೆ ತಕರಾರು, ಅಂದರೆ ನಿಮ್ಮ ಉತ್ತರವನ್ನು ಬರೆದು ಹಾಕಬೇಕು. ಕೋರ್ಟ್ ಕಾರಣ ಬರೆದು 90 ದಿನದವರೆಗೆ ಬಿಡಬಹುದು. ಅದನ್ನು ನಂಬಿಕೊಂಡು ಕೂರಬೇಡಿ.

ಪ್ರಶ್ನೆ: ಫೀಸ್ ಬಾಕಿ ಇದೆ ಅಂತ ಹಳೇ ವಕೀಲರು ಫೈಲ್ ಕೊಡ್ತಿಲ್ಲ. ಪ್ಯಾನೆಲ್ ವಕೀಲರನ್ನ ಕೇಳಬಹುದಾ?

ಕೇಳಬಹುದು. ಫೀಸಿಗಾಗಿ ಫೈಲ್ ಹಿಡಿದಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಪ್ರಶ್ನೆ: ಲೋಕ ಅದಾಲತ್‌ನಲ್ಲಿ ಸಹಿ ಹಾಕಿ ಆಮೇಲೆ ಅಪೀಲ್ ಹೋಗಬಹುದಾ?

ಇಲ್ಲ, ಅಪೀಲೇ ಇಲ್ಲ. ಓದಿ ಕೇಳಿ ಒಪ್ಪಿಗೆಯಾದರೆ ಮಾತ್ರ ಸಹಿ ಹಾಕಿ.