ಮೊದಲು ಯಾರಿಗೆ ನಮಸ್ಕಾರ?

ಹಾಸನದಲ್ಲಿ ಸಲಹೆ ಕೇಳಿ ನನ್ನ ಬಳಿಗೆ ಬರುವ ಹೊಸ ದಂಪತಿಗಳ ಜಗಳವನ್ನು ಕೆದಕಿದರೆ, ‘ನಮ್ಮವರನ್ನು ಮಾತನಾಡಿಸಲಿಲ್ಲ’ ಎಂಬ ದೂರು ಆಗಾಗ ಸಿಗುತ್ತದೆ. ಗುರುತು ಸಿಗದಂತೆ ವಿವರ ಬದಲಿಸಿ ಅಂಥ ಒಂದನ್ನು ಬರೆಯುತ್ತಿದ್ದೇನೆ.

ಆಕೆ ಸಕಲೇಶಪುರದ ಕಡೆಯ ದೊಡ್ಡ ಕುಟುಂಬದ ಸೊಸೆ. ಮೈದುನನ ಮಗುವಿನ ನಾಮಕರಣದ ನಂತರ ದೊಡ್ಡತ್ತೆ ಮಾತು ಬಿಟ್ಟಿದ್ದರು. “ಅವರ ಕಾಲಿಗೂ ಬಿದ್ದಿದ್ದೇನೆ ಮೇಡಂ, ಇನ್ನೇನು ಮಾಡಬೇಕಿತ್ತು?” ಎಂಬುದು ಇವಳ ಅಳಲು.

ಒಂದು ಹಾಳೆ ಕೊಟ್ಟು, ನಡುಮನೆಯಲ್ಲಿ ಅಂದು ಯಾರು ಎಲ್ಲಿ ಕುಳಿತಿದ್ದರೆಂದು ಬರೆಯಲು ಹೇಳಿದೆ. ಬಾಗಿಲ ಎದುರಿಗೆ ಅಜ್ಜಿ, ಪಕ್ಕದಲ್ಲಿ ದೊಡ್ಡತ್ತೆ, ಗೋಡೆಯುದ್ದಕ್ಕೂ ಉಳಿದವರು, ಕಿಟಕಿಯ ಬಳಿ ಸಲುಗೆಯ ಚಿಕ್ಕತ್ತೆ. ತಾನು ನಡೆದ ದಾರಿಗೆ ಗೆರೆ ಎಳೆದಳು. ಅಜ್ಜಿಯ ಕಾಲು ಮುಟ್ಟಿದ ಗೆರೆ, “ಬಾರಮ್ಮ” ಎಂದು ಕರೆದ ಚಿಕ್ಕತ್ತೆಯ ಕಡೆಗೆ ನೇರವಾಗಿ ಹೋಗಿತ್ತು. ಅಲ್ಲಿ ಕುಳಿತು ಕಾಫಿ ಕುಡಿದ ಮೇಲೆ ದೊಡ್ಡತ್ತೆಯ ಕಡೆಗೆ ವಾಪಸು. ಅಲ್ಲಿಯವರೆಗೆ ಸುಮ್ಮನಿದ್ದ ಗಂಡ ಹಾಳೆಯತ್ತ ಬಗ್ಗಿ, “ದೊಡ್ಡಮ್ಮನನ್ನು ದಾಟಿಕೊಂಡೇ ಹೋಗಿದ್ದೀಯಲ್ಲ” ಎಂದ. ಆಕೆ ಪೆನ್ನು ಕೆಳಗಿಟ್ಟಳು. “ನೀವು ಎಲ್ಲಿದ್ದಿರಿ?” ಎಂದು ನಾನು ಅವನನ್ನು ಕೇಳಿದೆ. ಹೊರಗೆ ಕಾರು ನಿಲ್ಲಿಸುತ್ತಿದ್ದನಂತೆ.

ನನ್ನ ಸಲಹೆಯ ಅರ್ಧ ಅವನಿಗೇ ಇತ್ತು. ಮೊದಲ ಒಂದೆರಡು ವರ್ಷ ಹೆಂಡತಿಯ ಜೊತೆಯಲ್ಲೇ ಒಳಗೆ ಹೋಗಿ, “ಇವರು ದೊಡ್ಡ ಮಾವ” ಎಂದು ಸಂಬಂಧ ಹೇಳುತ್ತಾ ನಡೆಯಬೇಕು. ಅವಳಿಗೆ ಹೇಳಿದ್ದು ಇದು: ಹೊಸ್ತಿಲು ದಾಟಿದ ಕೂಡಲೇ ಇಡೀ ಕೋಣೆಗೆ ಒಮ್ಮೆ ಕೈ ಮುಗಿಯಿರಿ. ಮೊದಲು ಎಲ್ಲರಿಗಿಂತ ಹಿರಿಯರ ಬಳಿಗೆ ಹೋಗಿ. ಅಲ್ಲಿಂದ ವಯಸ್ಸಿನ ಲೆಕ್ಕ ಹಾಕುತ್ತಾ ಅತ್ತಿಂದಿತ್ತ ಓಡಾಡದೆ, ಕುಳಿತ ಸಾಲಿನಲ್ಲೇ ಯಾರನ್ನೂ ಬಿಡದೆ ಸಾಗಿ. ಆಗ ಚಿಕ್ಕವರಿಗೆ ಮೊದಲು ನಮಸ್ಕರಿಸಿದರೂ ಅದು ಸಾಲಿನ ಕ್ರಮವೆಂದು ಎಲ್ಲರಿಗೂ ಕಾಣುತ್ತದೆ. ನಡುವೆ ಸಲುಗೆಯವರು ಕರೆದರೆ, “ಬಂದೆ ಚಿಕ್ಕತ್ತೆ” ಎನ್ನಿ; ಸುತ್ತು ಮುಗಿಯುವವರೆಗೆ ಕುಳಿತುಕೊಳ್ಳಬೇಡಿ. ಊಟ ಮಾಡುತ್ತಿರುವವರ, ಮಲಗಿರುವವರ ಕಾಲು ಮುಟ್ಟುವ ವಾಡಿಕೆಯಿಲ್ಲ. ಅವರನ್ನು ಮಾತಿನಲ್ಲಿ ವಿಚಾರಿಸಿ, ಆಮೇಲೆ ನಮಸ್ಕರಿಸಿ. ಕೊನೆಗೆ ಅಡುಗೆಮನೆಗೆ ಹೋಗಿಬನ್ನಿ. ಬೆಳಗಿನಿಂದ ಒಲೆಯ ಮುಂದೆ ಇರುವ ಅತ್ತಿಗೆಯೋ, ಶುಭಕಾರ್ಯವೆಂದು ತಾವೇ ಹಿಂದೆ ಸರಿದ ವಿಧವೆ ಸೋದರತ್ತೆಯೋ ಅಲ್ಲಿರುತ್ತಾರೆ. ತಪ್ಪಿಹೋಗುವುದು ಹೆಚ್ಚಾಗಿ ಇವರೇ, ಮತ್ತು ಇವರು ದೂರು ಹೇಳುವುದೂ ಇಲ್ಲ.

ದೊಡ್ಡತ್ತೆಗೆ ಬುದ್ಧಿ ಹೇಳುವುದು ಬಿಟ್ಟು ಸೊಸೆಯನ್ನು ತಿದ್ದುವುದೇಕೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ದೊಡ್ಡತ್ತೆ ನನ್ನ ಬಳಿಗೆ ಬಂದಿರಲಿಲ್ಲ. ಬಂದವಳು ಕೇಳಿದ್ದು ಆ ಮನೆಯಲ್ಲಿ ನೆಮ್ಮದಿಯಿಂದ ಓಡಾಡುವ ದಾರಿಯನ್ನು. ಜೊತೆಗೆ, ತುಂಬಿದ ಕೋಣೆಯಲ್ಲಿ ಕಣ್ಣೆದುರೇ ದಾಟಿಹೋದರೆ ನನಗೂ ನೋಯುತ್ತದೆ; ಅದನ್ನು ಹಳೆಯ ಕಾಲದವರ ಬಿಗುಮಾನವೆಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ. ಕ್ಷಮೆ ಕೇಳುವ ಶಾಸ್ತ್ರವನ್ನೂ ನಾನು ಹೇಳಲಿಲ್ಲ. ಮುಂದಿನ ಹಬ್ಬಕ್ಕೆ ಗಂಡಹೆಂಡತಿ ಇಬ್ಬರೂ ದೊಡ್ಡತ್ತೆಯ ಮನೆಗೇ ಮೊದಲು ಹೋಗಲಿ ಎಂದೆ. ಹೋಗಿಬಂದರು. ಈಗ ಮಾತಿದೆ, ಸಲುಗೆ ಇನ್ನೂ ಇಲ್ಲ.