ಪ್ಯಾಟರ್ನ್ ಯಾರ ಶೆಡ್ಡಿನಲ್ಲಿದೆ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಹೈಡ್ರಾಲಿಕ್ ವಾಲ್ವ್ ಘಟಕ ಇದೆ. ಬಾಡಿ ಕಾಸ್ಟಿಂಗ್ ಒಂದೇ ಫೌಂಡ್ರಿಯಿಂದ ಬರುತ್ತದೆ, ತಿಂಗಳಿಗೆ 400. ಅವರ ಫರ್ನೆಸ್ ಕೆಟ್ಟು 40 ದಿನ ಕೆಲಸ ನಿಂತಿತು. ನಮ್ಮಲ್ಲಿದ್ದದ್ದು 15 ದಿನದ ಮಾಲು. ಪಕ್ಕದ ಫೌಂಡ್ರಿಗೆ ಅರ್ಧ ಆರ್ಡರ್ ಕೊಟ್ಟರೆ ಸಾಕಲ್ವಾ ಸರ್?

ಉತ್ತರ: ಸಾಕಾಗಲ್ಲ. ನನಗೆ ಬರುವ ಇಂಥ ಪತ್ರಗಳಲ್ಲಿ ಎಲ್ಲರೂ ಫೌಂಡ್ರಿಗಳನ್ನು ಎಣಿಸುತ್ತಾರೆ, ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಅಂದರೆ ಪ್ಯಾಟರ್ನ್, ಎಲ್ಲಿದೆ ಅಂತ ಒಬ್ಬರೂ ಬರೆಯುವುದಿಲ್ಲ. ಪ್ಯಾಟರ್ನೂ, ಒಳಗಿನ ಪೊಳ್ಳಿಗೆ ಇಡುವ ಮರಳಿನ ಕೋರ್ ಮಾಡುವ ಕೋರ್ ಬಾಕ್ಸೂ ಒಂದೇ ಸೆಟ್, ಅದೂ ಮೊದಲಿನವರ ಶೆಡ್ಡಿನಲ್ಲಿ ಅಂದರೆ, ಅಲ್ಲಿ ಬೆಂಕಿ ಬಿದ್ದ ದಿನ ಎರಡನೆಯವರೂ ಕೈಕಟ್ಟಿ ಕೂರಬೇಕು. 1997ರ ಫೆಬ್ರವರಿ 1ರಂದು ಜಪಾನಿನಲ್ಲಿ ಐಸಿನ್ ಕಂಪನಿಯ ಕಾರಿಯಾ ಕಾರ್ಖಾನೆ ಸುಟ್ಟಾಗ ಟೊಯೋಟಾಗೆ ಬ್ರೇಕಿನ ಪಿ-ವಾಲ್ವ್ ಬರುವುದು ನಿಂತು ಕಾರಿನ ಉತ್ಪಾದನೆಯೇ ನಿಂತಿತು. ಬೇರೆ ಕಂಪನಿಗಳು ಮಾಡಿಕೊಡಲು ಓಡಿ ಬಂದವು, ಡ್ರಾಯಿಂಗೂ ಸಿಕ್ಕಿತು, ಆದರೆ ಆ ವಾಲ್ವಿಗೆಂದೇ ಇದ್ದ ಯಂತ್ರಗಳು ಸುಟ್ಟುಹೋಗಿದ್ದರಿಂದ ಎಲ್ಲರೂ ಸಿಕ್ಕ ಮಷೀನಿನಲ್ಲಿ ಹೊಂದಿಸಿಕೊಂಡು ಮಾಡಬೇಕಾಯಿತು.

ಮೊದಲು ನಿಮ್ಮ ಲೆಕ್ಕ ನೋಡೋಣ. 40 ದಿನ ಅವರಿಲ್ಲ, 15 ದಿನ ನೀವು ತಡೆದಿರಿ, ಉಳಿದ ಕೊರತೆ 25 ದಿನ. ತಿಂಗಳಿಗೆ 25 ಕೆಲಸದ ದಿನ ಅಂತ ಹಿಡಿದರೆ ದಿನಕ್ಕೆ 16, ಆ 25 ದಿನಕ್ಕೆ ಒಟ್ಟು 400 ಕಾಸ್ಟಿಂಗ್. ಒಂದಕ್ಕೆ 600 ರೂಪಾಯಿ ಅಂತಿಟ್ಟುಕೊಂಡರೂ ಕಟ್ಟಿಹಾಕುವ ಹಣ 2,40,000. ಎರಡನೆಯವರು ತಯಾರಾಗುವವರೆಗೆ ಈ 400 ನಿಮ್ಮ ಗೋಡೌನಿನಲ್ಲೇ ಇರಲಿ, ಫೌಂಡ್ರಿಯಲ್ಲಿ ಬೇಡ.

ಹಾಗೆ ತಯಾರಾಗಲು ಹೊಸ ಪ್ಯಾಟರ್ನ್, ಸ್ಯಾಂಪಲ್, ಮಷಿನಿಂಗ್, ಪ್ರೆಶರ್ ಟೆಸ್ಟ್ ಎಲ್ಲ ಸೇರಿ ಎರಡು ತಿಂಗಳ ಮೇಲೇ ಹಿಡಿಯಿರಿ. ಸ್ಯಾಂಪಲ್ ಹೊರಗಿನಿಂದ ಚಂದ ಕಂಡಿತು ಅಂತ ಪಾಸ್ ಮಾಡಬೇಡಿ. ಒಂದನ್ನು ಪೋರ್ಟುಗಳು ಕೂಡುವ ದಪ್ಪ ಜಾಗದಲ್ಲೇ ಕೊಯ್ಯಿಸಿ ನೋಡಿ. ಅಲ್ಲಿ ಸ್ಪಂಜಿನಂತೆ ಕಪ್ಪು ಸಣ್ಣ ತೂತುಗಳಿದ್ದರೆ ಅದು ಶ್ರಿಂಕೇಜ್, ಆ ಬಾಡಿ ಮಷಿನಿಂಗ್ ಆದ ಮೇಲೆ ಲೀಕ್ ಆಗುತ್ತದೆ. ಮೊದಲಿನವರಲ್ಲಿ ಈ ದೋಷ ಇಲ್ಲದಿದ್ದರೂ ಇವರಲ್ಲಿ ಬರಬಹುದು, ಯಾಕಂದರೆ ಕಬ್ಬಿಣ ಹರಿಯುವ ದಾರಿ ಮತ್ತು ಅದು ಕುಗ್ಗುವಾಗ ಹೆಚ್ಚಿನ ಲೋಹ ಒದಗಿಸುವ ರೈಸರ್ ಒಬ್ಬೊಬ್ಬರದು ಒಂದೊಂದು ರೀತಿ.

ಅರ್ಧ-ಅರ್ಧ ಹಂಚುವುದು ಬೇಡ, ಇಬ್ಬರಿಗೂ ಆರ್ಡರ್ ಸಣ್ಣದಾಗಿ ದರ ಏರುತ್ತದೆ. 300 ಮೊದಲಿನವರಿಗೆ, 100 ಎರಡನೆಯವರಿಗೆ ಕೊಡಿ. ಆ 100 ತಿಂಗಳು ತಪ್ಪದೆ ಹೋಗಲಿ, ಆರು ತಿಂಗಳು ಸುಮ್ನೆ ಬಿಟ್ಟು ಆಮೇಲೆ ಅರ್ಜೆಂಟ್ ಅಂದರೆ ಮತ್ತೆ ರಿಜೆಕ್ಷನ್ನಿಂದಲೇ ಶುರು.

ಇನ್ನೊಂದು ಮಾತು. ನಾನು ಖರೀದಿ ವಿಭಾಗದಲ್ಲಿದ್ದಾಗ ನಮಗೂ ಎರಡು ಫೌಂಡ್ರಿ ಇದ್ದವು, ಒಂದು ವಾರ ಎರಡೂ ಒಟ್ಟಿಗೆ ಮಾಲು ನಿಲ್ಲಿಸಿದವು. ಇಬ್ಬರೂ ಕೋರ್ ತರಿಸುತ್ತಿದ್ದದ್ದು ಒಬ್ಬನ ಹತ್ತಿರ! ಆವತ್ತಿನಿಂದ ನಾನು ಯಾವ ಫೌಂಡ್ರಿಗೆ ಹೋದರೂ ಕೋರ್ ಯಾರದು, ಕರೆಂಟ್ ಯಾವ ಫೀಡರಿನದು ಅಂತ ಮೊದಲೇ ಕೇಳುತ್ತೇನೆ. ನಿಮ್ಮ ಪಕ್ಕದ ಫೌಂಡ್ರಿಯಲ್ಲೂ ಇದನ್ನೇ ಕೇಳಿ.

ಪ್ರಶ್ನೆ: ಐಎಸ್ಒ ಸರ್ಟಿಫಿಕೇಟ್ ಇದ್ದರೆ ರಿಸ್ಕ್ ಕಮ್ಮಿ ಅಂತ ಹಿಡಿಯಬಹುದಾ?

ಉತ್ತರ: ಇಲ್ಲ. ಫರ್ನೆಸ್ಸಿಗೆ ಸ್ಪೇರ್ ಕಾಯಿಲ್ ಇದೆಯಾ, ಅದನ್ನು ಕೇಳಿ.

ಪ್ರಶ್ನೆ: ಕನ್ಸಲ್ಟೆಂಟ್ ಒಬ್ಬರು ಎಲ್ಲ ಐಟಮ್ಮಿಗೂ ಇಬ್ಬರು ಸಪ್ಲಯರ್ ಬೇಕು ಅಂದರು, ನಿಜವೇ?

ಉತ್ತರ: ಬೋಲ್ಟಿಗೂ ವಾಶರಿಗೂ ಇದನ್ನು ಹೇಳುವವರಿಗೆ ಫೀಸು ಕೊಡಬೇಡಿ, ಅವು ನಾಳೆಯೇ ಅಂಗಡಿಯಲ್ಲಿ ಸಿಗುತ್ತವೆ.