ಭಿನ್ನರಾಶಿಗಳ ಸಂಕಲನ ಮತ್ತು ಹೋಲಿಕೆಗೆ ಅಭ್ಯಾಸ ಹಾಳೆ

ಪ್ರಶ್ನೆ: ಐದನೇ ತರಗತಿಯ ಮಕ್ಕಳಿಗೆ ಭಿನ್ನರಾಶಿಗಳನ್ನು ಕೂಡುವ, ಹೋಲಿಸುವ ಲೆಕ್ಕಗಳನ್ನು ಸುಲಭದಿಂದ ಕಷ್ಟಕ್ಕೆ ಹೇಗೆ ಜೋಡಿಸಲಿ? ಉತ್ತರಗಳೂ ಬೇಕು.

ಉತ್ತರ: ನಾಲ್ಕೇ ಲೆಕ್ಕ ಕೊಡಿ, ಪ್ರತಿಯೊಂದರಲ್ಲೂ ಒಂದು ಹೊಸ ತೊಡಕು ಮಾತ್ರ ಇರಲಿ.

1. 1/5 + 2/5 ಎಷ್ಟು?
2. 3/8, 3/5: ಯಾವುದು ದೊಡ್ಡದು?
3. 1/2 + 1/3 ಎಷ್ಟು?
4. 3/4, 5/7: ಯಾವುದು ದೊಡ್ಡದು?

ಮೊದಲನೆಯದರಲ್ಲಿ ಛೇದ ಒಂದೇ, ಅಂಶಗಳನ್ನಷ್ಟೇ ಕೂಡಿದರೆ 3/5. ಎರಡನೆಯದರಲ್ಲಿ 8 ದೊಡ್ಡ ಸಂಖ್ಯೆಯೆಂದು ಹಲವು ಮಕ್ಕಳು 3/8 ಬರೆಯುತ್ತಾರೆ. ಒಂದೇ ಉದ್ದದ ಎರಡು ಪಟ್ಟಿ ಬರೆಸಿ, ಒಂದನ್ನು 8, ಇನ್ನೊಂದನ್ನು 5 ಸಮಭಾಗ ಮಾಡಿಸಿ. ಐದನೇ ಒಂದು ಭಾಗವೇ ದೊಡ್ಡದು. ಹಾಗಾಗಿ ಅಂಥ ಮೂರು ಭಾಗ, ಅಂದರೆ 3/5, ದೊಡ್ಡದು.

ಮೂರನೆಯದೇ ಹಾಳೆಯ ಜೀವಾಳ. ಮೇಲಿನದನ್ನೂ ಕೆಳಗಿನದನ್ನೂ ಕೂಡಿ 2/5 ಎಂದು ಬರೆದ ಮಗುವಿಗೆ ತಕ್ಷಣ ತಪ್ಪೆನ್ನಬೇಡಿ. 2/5 ಮತ್ತು 1/2 ಹೋಲಿಸಲು ಹೇಳಿ: 4/10, 5/10. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗುವುದುಂಟೇ? ತಪ್ಪು ಮಗುವಿಗೇ ಕಾಣುತ್ತದೆ. ಬಳಿಕ ಎರಡಕ್ಕೂ 6 ಛೇದವಾಗುವಂತೆ ಬರೆಸಿ: 1/2 = 3/6, 1/3 = 2/6, ಮೊತ್ತ 5/6.

ನಾಲ್ಕನೆಯದಕ್ಕೆ ಚಿತ್ರ ಸಾಲದು, ವ್ಯತ್ಯಾಸ ಕಣ್ಣಿಗೆ ಸಿಗದಷ್ಟು ಕಿರಿದು. 3/4 = 21/28, 5/7 = 20/28. ಹಾಗಾಗಿ 3/4 ದೊಡ್ಡದು, ಅದೂ 1/28ರಷ್ಟು ಮಾತ್ರ.